ಎರಡು ಬೀಗಗಳ ನಡುವಿನ ಸಂದು

ಸಾಫ್ಟ್‌ವೇರ್ ಬರೆಯುವವರ ನಡುವೆ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುತ್ತಾ, “ಇಲ್ಲಿ ಎರಡು ಲಾಕ್‌ಗಳನ್ನು ಒಂದು ಕಡೆ ಈ ಕ್ರಮದಲ್ಲಿ ಹಿಡಿದಿದ್ದೀರಿ, ಇನ್ನೊಂದು ಕಡೆ ಉಲ್ಟಾ ಹಿಡಿದಿದ್ದೀರಿ, ಡೆಡ್‌ಲಾಕ್ ಆಗುತ್ತದಲ್ಲ” ಎನ್ನುತ್ತಾರೆ. ಬರೆದವರು, “ಹೌದು, ಆದರೆ ಒಳಗಿರುವುದು ಎರಡೇ ಸಾಲು. ಒಂದು ಕೂಡುವುದು, ಒಂದು ಕಳೆಯುವುದು. ಹಿಡಿದಷ್ಟೇ ಬೇಗ ಬಿಟ್ಟುಬಿಡುತ್ತೇವೆ. ಅಷ್ಟರಲ್ಲಿ ಏನಾಗಲು ಸಾಧ್ಯ?” ಎಂದು ಕೇಳುತ್ತಾರೆ. ಪರೀಕ್ಷೆಗಳೆಲ್ಲ ಪಾಸಾಗಿರುತ್ತವೆ, ಕೋಡ್ ತಿಂಗಳುಗಟ್ಟಲೆ ಓಡಿರುತ್ತದೆ. ಆದ್ದರಿಂದ ಆ ಮಾತು ಗೆದ್ದುಬಿಡುತ್ತದೆ.

ಆಗಲು ಸಾಧ್ಯವಿದೆ. ಒಳಗಿನ ಕೆಲಸ ಎರಡು ಸಾಲಲ್ಲ, ಸೊನ್ನೆ ಸಾಲಾಗಿದ್ದರೂ ಸಾಧ್ಯವಿದೆ. ಇದು ಏಕೆ ಹೀಗೆ ಎಂಬುದನ್ನು ಕಂಪ್ಯೂಟರ್ ಓದದವರೂ ಹಿಂಬಾಲಿಸಬಹುದು, ಏಕೆಂದರೆ ಇದರ ತಿರುಳಿನಲ್ಲಿರುವುದು ಯಂತ್ರದ ರಹಸ್ಯವಲ್ಲ, ಸಣ್ಣದೊಂದು ಲೆಕ್ಕ.

ಮೊದಲು ಥ್ರೆಡ್ ಮತ್ತು ಲಾಕ್ ಎಂದರೇನು ಎಂದು ನೋಡೋಣ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಮೊದಲಿನ ಕಾಲವನ್ನು ನೆನೆಸಿಕೊಳ್ಳಿ. ಪ್ರತಿ ಖಾತೆಯ ಲೆಕ್ಕವೂ ಒಂದೊಂದು ಲೆಡ್ಜರ್‌ನಲ್ಲಿದೆ, ಲೆಡ್ಜರ್‌ಗಳು ಕಪಾಟಿನಲ್ಲಿವೆ, ಗುಮಾಸ್ತರು ಹಲವರಿದ್ದಾರೆ. ಒಬ್ಬ ಗುಮಾಸ್ತ ಒಂದು ಲೆಡ್ಜರನ್ನು ಮೇಜಿಗೆ ಒಯ್ದರೆ ಅವನು ಅದನ್ನು ವಾಪಸ್ ಇಡುವವರೆಗೆ ಬೇರೆಯವರು ಕಾಯಬೇಕು, ಕಿತ್ತುಕೊಳ್ಳುವಂತಿಲ್ಲ. ಪ್ರೋಗ್ರಾಮಿನಲ್ಲಿ ಗುಮಾಸ್ತನ ಜಾಗದಲ್ಲಿರುವುದು ಥ್ರೆಡ್: ಒಂದೇ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ತಾನು ಓಡುವ ಒಂದು ಕೆಲಸದ ಎಳೆ. “ಈ ಲೆಡ್ಜರ್ ಈಗ ನನ್ನ ಬಳಿ ಇದೆ” ಎಂಬ ಗುರುತೇ ಲಾಕ್. ಲಾಕ್ ಹಿಡಿದು ಬಿಡುವವರೆಗಿನ ಕೋಡಿನ ತುಂಡಿಗೆ ಕ್ರಿಟಿಕಲ್ ಸೆಕ್ಷನ್ ಎಂಬ ಹೆಸರಿದೆ. ಲಾಕ್ ಇಲ್ಲದಿದ್ದರೆ ಇಬ್ಬರು ಒಂದೇ ಪುಟದಲ್ಲಿ ಏಕಕಾಲಕ್ಕೆ ಬರೆದು ಹಣದ ಲೆಕ್ಕ ತಪ್ಪುತ್ತದೆ, ಹಾಗಾಗಿ ಅದು ಬೇಕೇ ಬೇಕು.

ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ಎರಡೂ ಖಾತೆಗಳನ್ನು ತಿದ್ದಬೇಕಾದ್ದರಿಂದ ಎರಡೂ ಲಾಕ್ ಬೇಕು. ಸಿ++ ಭಾಷೆಯಲ್ಲಿ ಅದು ಹೀಗಿರುತ್ತದೆ:

```
void transfer(Account& from, Account& to, long amt) {
    from.m.lock();
    to.m.lock();
    from.bal -= amt;
    to.bal   += amt;
    to.m.unlock();
    from.m.unlock();
}
```

ಕೊಡುವ ಖಾತೆಯ ಲಾಕ್ ಹಿಡಿ, ಪಡೆಯುವ ಖಾತೆಯ ಲಾಕ್ ಹಿಡಿ, ಕಳೆ, ಕೂಡು, ಎರಡನ್ನೂ ಬಿಡು. ಓದಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಉಲ್ಟಾ ಕ್ರಮ ಎಲ್ಲಿದೆ? ಯಾವಾಗಲೂ ಮೊದಲು ಕೊಡುವವರದು, ಆಮೇಲೆ ಪಡೆಯುವವರದು. ಆದರೆ ಖಾತೆ 101ರಿಂದ 205ಕ್ಕೆ ಹಣ ಕಳಿಸುವ ಥ್ರೆಡ್ ಮೊದಲು 101ನ್ನು ಹಿಡಿಯುತ್ತದೆ. ಅದೇ ಹೊತ್ತಿಗೆ 205ರಿಂದ 101ಕ್ಕೆ ಕಳಿಸುವ ಥ್ರೆಡ್ ಮೊದಲು 205ನ್ನು ಹಿಡಿಯುತ್ತದೆ. ಬರೆದ ಕೋಡ್ ಒಂದೇ, ಓಡುವಾಗ ಕ್ರಮ ಎರಡು. ಕಡತದಲ್ಲಿ ಹುಡುಕಿದರೆ ಉಲ್ಟಾ ಜೋಡಿ ಸಿಗುವುದೇ ಇಲ್ಲ. ಈ ಬಗೆಯ ತಪ್ಪು ಕಣ್ತಪ್ಪಿ ಹೋಗಲು ಇದು ಮುಖ್ಯ ಕಾರಣಗಳಲ್ಲೊಂದು.

ಈಗ ಕೆಟ್ಟ ಗಳಿಗೆ ಹೇಗಿರುತ್ತದೆಂದು ನಿಧಾನವಾಗಿ ನೋಡೋಣ. ಮೊದಲನೆಯ ಥ್ರೆಡ್ 101ನ್ನು ಹಿಡಿಯಿತು. ಅದು 205ನ್ನು ಕೇಳುವ ಮೊದಲೇ, ಇನ್ನೊಂದು ಕೋರ್ ಮೇಲೆ ಓಡುತ್ತಿರುವ ಎರಡನೆಯ ಥ್ರೆಡ್ 205ನ್ನು ಹಿಡಿಯಿತು. ಮೊದಲನೆಯದು 205ನ್ನು ಕೇಳಿತು, ಸಿಗಲಿಲ್ಲ, ಕಾಯಲು ಕುಳಿತಿತು. ಎರಡನೆಯದು 101ನ್ನು ಕೇಳಿತು, ಸಿಗಲಿಲ್ಲ, ಅದೂ ಕುಳಿತಿತು. ಎರಡಕ್ಕೂ ಎರಡನೆಯ ಲಾಕ್ ಸಿಕ್ಕಿದ ಮೇಲಷ್ಟೇ ಮೊದಲನೆಯದನ್ನು ಬಿಡುವ ಸಾಲು ಬರುತ್ತದೆ. ಆ ಸಾಲಿಗೆ ಇಬ್ಬರೂ ಇನ್ನು ಎಂದೂ ತಲುಪುವುದಿಲ್ಲ.

ಇಲ್ಲಿ ಕೂಡುವ ಕಳೆಯುವ ಎರಡು ಸಾಲುಗಳಿಗೆ ಏನೂ ಪಾತ್ರವಿರಲಿಲ್ಲ ಎಂಬುದನ್ನು ಗಮನಿಸಬೇಕು. ಯಾವ ಥ್ರೆಡ್ಡೂ ಅಲ್ಲಿಯವರೆಗೆ ಹೋಗಲೇ ಇಲ್ಲ. ಅಪಾಯ ಇರುವುದು ಮೊದಲ ಲಾಕ್ ಕೈಗೆ ಬಂದ ಕ್ಷಣದಿಂದ ಎರಡನೆಯದು ಕೈಗೆ ಬರುವ ಕ್ಷಣದವರೆಗಿನ ಸಂದಿನಲ್ಲಿ. ಎರಡೂ ಲಾಕ್ ಒಮ್ಮೆ ಸಿಕ್ಕಿಬಿಟ್ಟರೆ ಆ ಜೋಡಿಯ ಮಟ್ಟಿಗೆ ಅಪಾಯ ಮುಗಿಯಿತು. ಆಮೇಲೆ ಆ ಥ್ರೆಡ್ ಒಂದು ಇಡೀ ನಿಮಿಷ ಲೆಕ್ಕ ಮಾಡುತ್ತಾ ಕುಳಿತರೂ, ಎದುರಿನ ಥ್ರೆಡ್ ತನ್ನ ಮೊದಲ ಲಾಕಿಗೇ ಬರಿಗೈಯಲ್ಲಿ ಕಾಯುತ್ತಿರುತ್ತದೆ. ಬರಿಗೈಯಲ್ಲಿ ಕಾಯುವವನು ಬೇರೆ ಯಾರನ್ನೂ ತಡೆಯುವುದಿಲ್ಲ. ಹಾಗಾಗಿ ಕ್ರಿಟಿಕಲ್ ಸೆಕ್ಷನ್ ಚಿಕ್ಕದಾಗಿ ಬರೆದಿದ್ದೇವೆ ಎಂದು ಸಮಾಧಾನಪಟ್ಟುಕೊಳ್ಳುವವರು ಅಳೆಯುತ್ತಿರುವುದು ಬೇರೆ ಯಾವುದನ್ನೋ. ಒಳಗಿನ ಎರಡು ಸಾಲನ್ನು ಅಳಿಸಿಹಾಕಿ, ಬರೀ ಹಿಡಿದು ಬಿಡುವ ಕೋಡನ್ನಷ್ಟೇ ಉಳಿಸಿದರೂ ಸಂದು ಇದ್ದಷ್ಟೇ ಇರುತ್ತದೆ. ಬಿಡುವ ಕ್ರಮದ ಬಗ್ಗೆಯೂ ಅನೇಕರು ಚಿಂತಿಸುತ್ತಾರೆ. ಯಾವುದನ್ನು ಮೊದಲು ಬಿಟ್ಟರೂ ಇಲ್ಲಿ ತೊಂದರೆಯಿಲ್ಲ, ಏಕೆಂದರೆ ಬಿಡಲು ಯಾರೂ ಕಾಯಬೇಕಾಗಿಲ್ಲ.

ಆ ಸಂದು ಎಷ್ಟು ದೊಡ್ಡದು? ಯಾರೂ ಹಿಡಿದಿರದ ಲಾಕನ್ನು ಹಿಡಿಯಲು ಇಂದಿನ ಪ್ರೊಸೆಸರ್‌ಗೆ ಹತ್ತಾರು ನ್ಯಾನೊಸೆಕೆಂಡು ಸಾಕು. ಆ ಲಾಕಿನ ಮಾಹಿತಿ ಇನ್ನೊಂದು ಕೋರ್ ಬಳಿ ಇದ್ದರೆ ಸ್ವಲ್ಪ ಹೆಚ್ಚು. ಲೆಕ್ಕಕ್ಕೆ ಅನುಕೂಲವಾಗಲೆಂದು 100 ನ್ಯಾನೊಸೆಕೆಂಡು ಎಂದಿಟ್ಟುಕೊಳ್ಳೋಣ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಸುಮಾರು 30 ಮೀಟರ್ ದೂರವಷ್ಟೇ ಸಾಗುತ್ತದೆ. ಇಷ್ಟು ಕಿರಿದಾದ ಸಂದಿನಲ್ಲಿ ಇನ್ನೊಂದು ಥ್ರೆಡ್ ಬಂದು ಸಿಕ್ಕಿಕೊಳ್ಳುವುದುಂಟೇ ಎಂದು ಅನಿಸುವುದು ಸಹಜ. ಲೆಕ್ಕ ಹಾಕಿಯೇ ನೋಡೋಣ.

ಒಂದು ಥ್ರೆಡ್ 101ರಿಂದ 205ಕ್ಕೆ ಸೆಕೆಂಡಿಗೆ ಒಮ್ಮೆ, ಇನ್ನೊಂದು 205ರಿಂದ 101ಕ್ಕೆ ಸೆಕೆಂಡಿಗೆ ಒಮ್ಮೆ ಹಣ ಕಳಿಸುತ್ತಿವೆ, ಒಂದಕ್ಕೊಂದು ಸಂಬಂಧವಿಲ್ಲದ ಯಾವುದೋ ಕ್ಷಣಗಳಲ್ಲಿ. ಇಬ್ಬರೂ ತಮ್ಮ ತಮ್ಮ ಮೊದಲ ಲಾಕನ್ನು ಹಿಡಿದ ಕ್ಷಣಗಳ ನಡುವಿನ ಅಂತರ 100 ನ್ಯಾನೊಸೆಕೆಂಡಿಗಿಂತ ಕಡಿಮೆಯಿದ್ದರೆ ಡೆಡ್‌ಲಾಕ್, ಹೆಚ್ಚಿದ್ದರೆ ಏನೂ ಇಲ್ಲ. ಮೊದಲನೆಯದಕ್ಕಿಂತ ಎರಡನೆಯದು 100 ನ್ಯಾನೊಸೆಕೆಂಡು ಮುಂಚೆ ಬಂದರೂ ಸಿಕ್ಕಿಕೊಳ್ಳುತ್ತದೆ, 100 ತಡವಾಗಿ ಬಂದರೂ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಪಾಯದ ಅವಧಿ ಒಟ್ಟು 200 ನ್ಯಾನೊಸೆಕೆಂಡು. ಒಂದು ಸೆಕೆಂಡಿನಲ್ಲಿ ಅಂಥ 200 ನ್ಯಾನೊಸೆಕೆಂಡುಗಳ ತುಂಡುಗಳು 50 ಲಕ್ಷ. ಅಂದರೆ ಪ್ರತಿ ಸೆಕೆಂಡೂ 50 ಲಕ್ಷದಲ್ಲಿ ಒಂದು ಅವಕಾಶ. ಸರಾಸರಿಯಾಗಿ 50 ಲಕ್ಷ ಸೆಕೆಂಡಿಗೆ ಒಮ್ಮೆ, ಹೆಚ್ಚುಕಡಿಮೆ 58 ದಿನಕ್ಕೆ ಒಮ್ಮೆ.

58 ದಿನ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಇದು ಕಾಣಿಸಿಕೊಳ್ಳುವ ಸಂಭವ ತೀರಾ ಕಡಿಮೆ. ರಾತ್ರಿಯೆಲ್ಲ ಓಡಿಸಿದರೂ ಬಹುತೇಕ ಕಾಣದು. ಆದರೆ ಇದೇ ಪ್ರೋಗ್ರಾಮು ಒಂದು ಸಾವಿರ ಯಂತ್ರಗಳಲ್ಲಿ ಓಡುತ್ತಿದ್ದರೆ, ಅವುಗಳಲ್ಲಿ ಯಾವುದಾದರೂ ಒಂದು ಸರಾಸರಿ 83 ನಿಮಿಷಕ್ಕೊಮ್ಮೆ ನಿಂತುಹೋಗುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಸಂದನ್ನು ಹತ್ತು ಪಟ್ಟು ಕಿರಿದು ಮಾಡಿದರೆ ಅಪಾಯವೂ ಹತ್ತು ಪಟ್ಟು ಕಡಿಮೆಯಾಗುತ್ತದೆ, ಅಷ್ಟೇ. ಆದರೆ ವ್ಯವಹಾರ ಬೆಳೆದು ಎರಡೂ ಥ್ರೆಡ್‌ಗಳು ಸೆಕೆಂಡಿಗೆ ಒಂದರ ಬದಲು ಹತ್ತು ವರ್ಗಾವಣೆ ಮಾಡತೊಡಗಿದರೆ, ಒಬ್ಬೊಬ್ಬರ ಹತ್ತು ಬಾರಿ ಇನ್ನೊಬ್ಬರ ಹತ್ತು ಬಾರಿಯೊಂದಿಗೆ ಸೇರಿ ಅಪಾಯ ನೂರು ಪಟ್ಟಾಗುತ್ತದೆ. 58 ದಿನ ಇದ್ದದ್ದು ಸುಮಾರು 14 ಗಂಟೆಗೆ ಇಳಿಯುತ್ತದೆ. ಕೋಡಿನ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ವ್ಯವಸ್ಥೆ ಗಿರಾಕಿಗಳು ಹೆಚ್ಚಾದ ವಾರವೇ ಕೈಕೊಡುವುದಕ್ಕೆ ಇದು ಒಂದು ಕಾರಣ. ಆಗ ಎಲ್ಲರೂ ಆ ವಾರ ಏನು ಬದಲಾಯಿಸಿದೆವು ಎಂದು ಹುಡುಕುತ್ತಾರೆ. ಬದಲಾದದ್ದು ಹೊರೆ ಮಾತ್ರ.

ಇಷ್ಟೂ ಲೆಕ್ಕವನ್ನು ಸಂದು ಯಾವಾಗಲೂ 100 ನ್ಯಾನೊಸೆಕೆಂಡೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಹಾಕಿದ್ದೇವೆ. ನಿಜದಲ್ಲಿ ಅದು ಹಾಗಿರುವುದಿಲ್ಲ. ಥ್ರೆಡ್‌ಗಳು ತಮಗೆ ಬೇಕಾದಷ್ಟು ಹೊತ್ತು ಓಡುವುದಿಲ್ಲ, ಆಪರೇಟಿಂಗ್ ಸಿಸ್ಟಂ ಬಿಟ್ಟಷ್ಟು ಹೊತ್ತು ಓಡುತ್ತವೆ. ಅದರ ಶೆಡ್ಯೂಲರ್ ಯಾವುದೇ ಥ್ರೆಡ್ಡನ್ನು ಯಾವುದೇ ಎರಡು ಸೂಚನೆಗಳ ನಡುವೆ ನಿಲ್ಲಿಸಿ, ಕೋರನ್ನು ಬೇರೆಯದಕ್ಕೆ ಕೊಡಬಹುದು. 101ನ್ನು ಹಿಡಿದು, 205ನ್ನು ಕೇಳುವ ಮೊದಲೇ ನಮ್ಮ ಥ್ರೆಡ್ಡನ್ನು ಹಾಗೆ ನಿಲ್ಲಿಸಿದರೆ, ಅದು ಮತ್ತೆ ಓಡುವುದು ಕೆಲವು ಮಿಲಿಸೆಕೆಂಡುಗಳ ನಂತರ. ಒಂದು ಮಿಲಿಸೆಕೆಂಡೆಂದರೆ ಹತ್ತು ಲಕ್ಷ ನ್ಯಾನೊಸೆಕೆಂಡು. ಕೋಡಿನಲ್ಲಿ ಎರಡು ಸಾಲಿನ ಅಂತರ, ಗಡಿಯಾರದಲ್ಲಿ ಹತ್ತಾರು ಸಾವಿರ ಪಟ್ಟು. ಬೇಕಾದ ಮೆಮೊರಿ ಪುಟ ಡಿಸ್ಕಿಗೆ ಹೋಗಿದ್ದರೆ ಅದು ವಾಪಸ್ ಬರುವವರೆಗೂ ಹೀಗೆಯೇ. ಜಾವಾದಂಥ ಭಾಷೆಗಳಲ್ಲಿ ಕಸ ಗುಡಿಸುವ ಕೆಲಸಕ್ಕೆಂದು ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ ಮತ್ತೆ ಬಿಟ್ಟಾಗ, ಅವೆಲ್ಲ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಓಡತೊಡಗುತ್ತವೆ, ಆಗ “ಸಂಬಂಧವಿಲ್ಲದ ಕ್ಷಣಗಳು” ಎಂಬ ನಮ್ಮ ಊಹೆಯೂ ಬೀಳುತ್ತದೆ. ಇದರಿಂದ ಒಂದೇ ಕೋರ್ ಇರುವ ಯಂತ್ರದಲ್ಲೂ ಪಾರಾಗಲು ಸಾಧ್ಯವಿಲ್ಲ ಎಂಬುದು ತಿಳಿಯುತ್ತದೆ. ಅಲ್ಲಿ ಎರಡು ಥ್ರೆಡ್‌ಗಳು ನಿಜಕ್ಕೂ ಏಕಕಾಲಕ್ಕೆ ಓಡುವುದಿಲ್ಲ, ಆದರೆ ಒಂದನ್ನು ಸಂದಿನಲ್ಲಿ ನಿಲ್ಲಿಸಿ ಇನ್ನೊಂದನ್ನು ಓಡಿಸಿದರೆ ಸಾಕು.

ಸಂದು ಹಿಗ್ಗಲು ಮೂರನೆಯ ಥ್ರೆಡ್ ಕೂಡ ಕಾರಣವಾಗಬಹುದು. ಯಾವುದೋ ಥ್ರೆಡ್ ಖಾತೆ 205ರ ಸ್ಟೇಟ್‌ಮೆಂಟ್ ತಯಾರಿಸಲು ಆ ಒಂದೇ ಲಾಕನ್ನು ಎರಡು ಮಿಲಿಸೆಕೆಂಡು ಹಿಡಿದಿದೆ ಎನ್ನಿ. ಅದು ತನ್ನ ಪಾಡಿಗೆ ಸರಿಯಾಗಿಯೇ ಇದೆ, ಎರಡನೆಯ ಲಾಕನ್ನು ಅದು ಮುಟ್ಟುವುದೇ ಇಲ್ಲ. ಈ ಹೊತ್ತಿನಲ್ಲಿ ಮೊದಲನೆಯ ಥ್ರೆಡ್ ಬಂದು 101ನ್ನು ಹಿಡಿದು 205ಕ್ಕಾಗಿ ಕಾಯುತ್ತದೆ. ಎರಡನೆಯ ಥ್ರೆಡ್ಡೂ ಬಂದು 205ಕ್ಕಾಗಿಯೇ ಕಾಯುತ್ತದೆ, ಬರಿಗೈಯಲ್ಲಿ. ಸ್ಟೇಟ್‌ಮೆಂಟ್ ಮುಗಿದು 205 ಬಿಡುಗಡೆಯಾದಾಗ ಮೊದಲು ಬಂದವನಿಗೇ ಅದು ಸಿಕ್ಕಿದರೆ ಸರಿ. ಆದರೆ ಸಾಮಾನ್ಯ ಬಳಕೆಯ ಲಾಕ್‌ಗಳು ವೇಗಕ್ಕಾಗಿ ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಎರಡನೆಯದಕ್ಕೆ ಸಿಕ್ಕಿದರೆ ಅದು ಕೂಡಲೇ 101ನ್ನು ಕೇಳುತ್ತದೆ, ಅದು ಮೊದಲನೆಯದರ ಕೈಯಲ್ಲಿದೆ, ಮುಗಿಯಿತು. 100 ನ್ಯಾನೊಸೆಕೆಂಡಿನ ಸಂದು ಇಲ್ಲಿ ಎರಡು ಮಿಲಿಸೆಕೆಂಡಿಗೆ, ಅಂದರೆ ಇಪ್ಪತ್ತು ಸಾವಿರ ಪಟ್ಟಿಗೆ ಹಿಗ್ಗಿತು. ನಮ್ಮ ಕ್ರಿಟಿಕಲ್ ಸೆಕ್ಷನ್ ಎಷ್ಟು ಚಿಕ್ಕದು ಎಂಬುದು ನಮ್ಮ ಕೈಯಲ್ಲಿದ್ದರೂ, ಎರಡನೆಯ ಲಾಕಿಗಾಗಿ ಎಷ್ಟು ಕಾಯಬೇಕು ಎಂಬುದು ಬೇರೆಯವರ ಕೈಯಲ್ಲಿದೆ.

ಹಾಗಾದರೆ ಅಪರೂಪದ ಬೇರೆ ತಪ್ಪುಗಳಂತೆ ಇದನ್ನೂ ಸಹಿಸಿಕೊಳ್ಳಬಹುದೇ? ಎರಡು ಕಾರಣಕ್ಕೆ ಆಗದು. ಮೊದಲನೆಯದಾಗಿ, ಇದು ಬಂದುಹೋಗುವ ತಪ್ಪಲ್ಲ, ಒಮ್ಮೆ ಆದರೆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡುವವರೆಗೆ ಹಾಗೆಯೇ ಇರುತ್ತದೆ. ಎರಡನೆಯದಾಗಿ, ಅದು ಹರಡುತ್ತದೆ. 101 ಅಥವಾ 205ನ್ನು ಕೇಳುವ ಪ್ರತಿ ಹೊಸ ಥ್ರೆಡ್ಡೂ ಹಿಂದೆ ನಿಂತುಕೊಳ್ಳುತ್ತದೆ. ಅವುಗಳ ಪೈಕಿ ಯಾವುದಾದರೂ 307ನ್ನು ಹಿಡಿದುಕೊಂಡೇ ಬಂದಿದ್ದರೆ ಆ ಖಾತೆಯೂ ಸಿಕ್ಕಿಕೊಂಡಿತು. ಸರ್ವರ್‌ನಲ್ಲಿ ಕೆಲಸಕ್ಕಿರುವ ಥ್ರೆಡ್‌ಗಳ ಸಂಖ್ಯೆ ನಿಗದಿಯಾಗಿರುತ್ತದೆ. ಒಂದೊಂದಾಗಿ ಅವೆಲ್ಲ ಈ ಸಾಲಿನಲ್ಲಿ ಸೇರಿಕೊಂಡು ಕೊನೆಗೆ ಯಾವ ಸಂಬಂಧವೂ ಇಲ್ಲದ ಕೋರಿಕೆಗಳಿಗೂ ಉತ್ತರ ಕೊಡುವವರಿಲ್ಲದಂತಾಗುತ್ತದೆ.

ಹೊರಗಿನಿಂದ ನೋಡುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪ್ರೋಗ್ರಾಮ್ ಬಿದ್ದಿರುವುದಿಲ್ಲ, ಲಾಗ್‌ನಲ್ಲಿ ದೋಷದ ಸಾಲಿರುವುದಿಲ್ಲ, ಪ್ರೊಸೆಸರ್ ಬಳಕೆ ಸೊನ್ನೆಯ ಹತ್ತಿರ ಇರುತ್ತದೆ. ಕಾಯುತ್ತಿರುವ ಥ್ರೆಡ್‌ಗಳು ನಿದ್ರೆಯಲ್ಲಿರುವುದೇ ಇದಕ್ಕೆ ಕಾರಣ. ಮರುಪ್ರಾರಂಭಿಸಿದರೆ ಎಲ್ಲ ಸರಿಹೋಗುತ್ತದೆ, ಅದರೊಂದಿಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಆದ್ದರಿಂದ ಮರುಪ್ರಾರಂಭಿಸುವ ಮೊದಲು ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಎಂಬ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಜಾವಾ ಪ್ರೋಗ್ರಾಮಾದರೆ `jstack` ಎಂಬ ಸಾಧನ ಈ ಸುತ್ತನ್ನು ತಾನೇ ಕಂಡುಹಿಡಿದು `Found one Java-level deadlock` ಎಂದು ಬರೆದು, ಯಾವ ಥ್ರೆಡ್ ಯಾವ ಲಾಕಿಗಾಗಿ ಕಾಯುತ್ತಿದೆ, ಅದು ಯಾರ ಬಳಿ ಇದೆ ಎಂದು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಓಡುವ ಸಿ++ ಪ್ರೋಗ್ರಾಮಾದರೆ `gdb`ಯನ್ನು ಅದಕ್ಕೆ ಅಂಟಿಸಿ `thread apply all bt` ಎಂದು ಕೇಳಬೇಕು. ಎರಡು ಥ್ರೆಡ್‌ಗಳು ಲಾಕಿಗಾಗಿ ಕಾಯುವ ಸಾಲಿನಲ್ಲೇ ನಿಂತಿರುವುದು ಕಾಣುತ್ತದೆ. ಪ್ರತಿ ಲಾಕಿನೊಳಗೂ `__owner` ಎಂಬ ಅಂಕೆಯಿದ್ದು ಅದು ಹಿಡಿದಿರುವ ಥ್ರೆಡ್ಡಿನ ಸಂಖ್ಯೆ ಹೇಳುತ್ತದೆ. ಮೊದಲನೆಯದು ಕಾಯುತ್ತಿರುವ ಲಾಕಿನ ಒಡೆಯ ಎರಡನೆಯದು, ಎರಡನೆಯದು ಕಾಯುತ್ತಿರುವ ಲಾಕಿನ ಒಡೆಯ ಮೊದಲನೆಯದು ಎಂದು ಕಂಡರೆ ಬೇರೆ ಪುರಾವೆ ಬೇಕಿಲ್ಲ.

ಎಚ್ಚರಿಕೆಯಿಂದ ಬರೆದವರಿಗೂ ಇದು ತಪ್ಪಿದ್ದಲ್ಲ ಎಂಬುದಕ್ಕೆ ದಾಖಲಾದ ಒಂದು ಪ್ರಸಂಗವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎಡ್ವರ್ಡ್ ಲೀ ಅವರ ತಂಡ ಟಾಲೆಮಿ ಎಂಬ ಯೋಜನೆಯಲ್ಲಿ 2000ದ ಆರಂಭದಲ್ಲಿ ಜಾವಾ ಭಾಷೆಯ ಒಂದು ಬಹುಥ್ರೆಡ್ ವ್ಯವಸ್ಥೆಯ ತಿರುಳನ್ನು ಬರೆಯಿತು. ಅದರ ವಿನ್ಯಾಸವನ್ನೂ ಕೋಡನ್ನೂ ಏಕಕಾಲಿಕ ಪ್ರೋಗ್ರಾಮಿಂಗ್ ಬಲ್ಲವರೇ ಪರಿಶೀಲಿಸಿದರು. ಕೋಡಿನ ಪ್ರತಿ ಸಾಲನ್ನೂ ಓಡಿಸಿ ನೋಡುವ ಪರೀಕ್ಷೆಗಳನ್ನು ಬರೆದರು. ಅವು ಪ್ರತಿ ರಾತ್ರಿ ಎರಡು ಪ್ರೊಸೆಸರ್ ಇರುವ ಯಂತ್ರದಲ್ಲಿ ಓಡುತ್ತಿದ್ದವು. ಎಲ್ಲೂ ತೊಂದರೆ ಕಾಣಲಿಲ್ಲ. ಅನೇಕರು ಆ ವ್ಯವಸ್ಥೆಯನ್ನು ಬಳಸತೊಡಗಿದರು. 2004ರ ಏಪ್ರಿಲ್ 26ರಂದು, ನಾಲ್ಕು ವರ್ಷಗಳ ನಂತರ, ಅದು ಡೆಡ್‌ಲಾಕ್ ಆಗಿ ನಿಂತಿತು. ಲೀ ಇದನ್ನು 2006ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಬರೆದಿದ್ದಾರೆ. ಪ್ರತಿ ಸಾಲೂ ಪರೀಕ್ಷೆಯಲ್ಲಿ ಓಡಿತ್ತು ಎಂಬುದು ಇಲ್ಲಿ ಏಕೆ ನೆರವಾಗಲಿಲ್ಲ ಎಂಬುದು ಈಗಿನ ನಮ್ಮ ಓದುಗರಿಗೆ ಹೊಳೆಯುತ್ತದೆ. ತಪ್ಪು ಯಾವ ಸಾಲಿನಲ್ಲೂ ಇರಲಿಲ್ಲ, ಎರಡು ಥ್ರೆಡ್‌ಗಳ ಸಾಲುಗಳು ಹೆಣೆದುಕೊಳ್ಳುವ ರೀತಿಯಲ್ಲಿತ್ತು.

ಅದೇ ಲೇಖನದಲ್ಲಿ ಅವರು ಉಲ್ಟಾ ಕ್ರಮ ಬಚ್ಚಿಟ್ಟುಕೊಳ್ಳುವ ಇನ್ನೊಂದು ಜಾಗವನ್ನೂ ತೋರಿಸುತ್ತಾರೆ. ಒಂದು ಮೌಲ್ಯ ಬದಲಾದಾಗ ಆಸಕ್ತಿಯಿರುವವರಿಗೆಲ್ಲ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಎಲ್ಲರೂ ಬರೆಯುತ್ತಾರೆ. ಮೌಲ್ಯದ ಲಾಕನ್ನು ಹಿಡಿದಿರುವಾಗಲೇ ಆಸಕ್ತರನ್ನು ಕರೆದರೆ, ಕರೆಸಿಕೊಂಡವರು ತಮ್ಮದೊಂದು ಲಾಕನ್ನು ಹಿಡಿಯಲು ಹೋಗಬಹುದು. ಅದು ಬೇರೊಂದು ಥ್ರೆಡ್ಡಿನ ಬಳಿಯಿದ್ದು, ಆ ಥ್ರೆಡ್ ನಮ್ಮ ಮೌಲ್ಯದ ಲಾಕಿಗೇ ಕಾಯುತ್ತಿರಬಹುದು. ಮೊದಲ ಲಾಕ್ ಒಂದು ಕಡತದಲ್ಲಿ, ಎರಡನೆಯದು ಇನ್ಯಾರೋ ಬರೆದ ಇನ್ನೊಂದು ಕಡತದಲ್ಲಿ. ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ.

ಡೆಡ್‌ಲಾಕ್ ಆಗಲು ಏನೇನು ಬೇಕು ಎಂಬುದನ್ನು 1971ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಶಾನಿ ಎಂಬ ಮೂವರು ಒಂದು ಪ್ರಬಂಧದಲ್ಲಿ ಜೋಡಿಸಿಟ್ಟರು. ಒಂದು ವಸ್ತುವನ್ನು ಒಮ್ಮೆಗೆ ಒಬ್ಬರೇ ಬಳಸಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವಂತಿರಬೇಕು. ಹಿಡಿದವರಿಂದ ಕಿತ್ತುಕೊಳ್ಳುವಂತಿರಬಾರದು. ಕಾಯುವವರ ಸರಪಳಿ ಸುತ್ತಿ ಬಂದು ಮೊದಲಿನವನನ್ನೇ ಸೇರಬೇಕು. ಈ ನಾಲ್ಕರಲ್ಲಿ ಎಷ್ಟು ಹೊತ್ತು ಹಿಡಿದಿರಬೇಕು ಎಂಬ ಮಾತೇ ಇಲ್ಲ. ಹಾಗಾಗಿ ಹೊತ್ತನ್ನು ಕಡಿಮೆ ಮಾಡಿದರೆ ನಾಲ್ಕರಲ್ಲಿ ಒಂದೂ ಮುರಿಯುವುದಿಲ್ಲ. ಒಂದನ್ನಾದರೂ ಮುರಿದರೆ ಮಾತ್ರ ಡೆಡ್‌ಲಾಕ್ ಆಗಲಾರದು.

ಡೇಟಾಬೇಸ್‌ಗಳು ಮೂರನೆಯದನ್ನು ಮುರಿಯುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಂದು ವ್ಯವಹಾರ ಲಾಕಿಗಾಗಿ ಒಂದು ಸೆಕೆಂಡು ಕಾದರೆ, ಮೊದಲೇ ಇಟ್ಟಿರುವ ಹೊಂದಿಕೆಯಂತೆ, ಸುತ್ತು ಏನಾದರೂ ಇದೆಯೇ ಎಂದು ಅದು ಹುಡುಕುತ್ತದೆ. ಇದ್ದರೆ `deadlock detected` ಎಂದು ಹೇಳಿ ಒಂದು ವ್ಯವಹಾರವನ್ನು ರದ್ದು ಮಾಡುತ್ತದೆ. ಅರ್ಧ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಡೇಟಾಬೇಸಿಗೆ ಇರುವುದರಿಂದ ಇದು ಸಾಧ್ಯ. ಸಾಮಾನ್ಯ ಥ್ರೆಡ್‌ಗಳಿಗೆ ಆ ಶಕ್ತಿಯಿಲ್ಲ. ಕೈಯಿಂದ ಲಾಕ್ ಕಿತ್ತುಕೊಂಡರೆ ಅರ್ಧ ತಿದ್ದಿದ ಲೆಡ್ಜರ್ ಹಾಗೆಯೇ ಉಳಿಯುತ್ತದೆ. ಅವುಗಳಿಗೆ ಸುಲಭವಾಗಿ ಮುರಿಯಲು ಬರುವುದು ನಾಲ್ಕನೆಯದು, ಸುತ್ತು. ಲಾಕ್‌ಗಳಿಗೆಲ್ಲ ಒಂದು ಕ್ರಮ ಕೊಟ್ಟು, ಎಲ್ಲರೂ ಅದೇ ಕ್ರಮದಲ್ಲಿ ಹಿಡಿಯಬೇಕೆಂದು ನಿಯಮ ಮಾಡುವ ಈ ದಾರಿಯನ್ನು ಐಬಿಎಂನ ಹ್ಯಾವೆಂಡರ್ 1968ರಲ್ಲೇ ಬರೆದಿದ್ದರು. ನಮ್ಮ ಖಾತೆಗಳಿಗೆ ಕ್ರಮ ಈಗಾಗಲೇ ಇದೆ, ಖಾತೆ ಸಂಖ್ಯೆ:

```
void transfer(Account& from, Account& to, long amt) {
    if (&from == &to) return;
    Account& lo = from.id < to.id ? from : to;
    Account& hi = from.id < to.id ? to : from;
    std::lock_guard<std::mutex> g1(lo.m);
    std::lock_guard<std::mutex> g2(hi.m);
    from.bal -= amt;
    to.bal   += amt;
}
```

ಹಣ ಯಾವ ದಿಕ್ಕಿಗೆ ಹೋದರೂ ಮೊದಲು ಚಿಕ್ಕ ಸಂಖ್ಯೆಯ ಲಾಕ್, ಆಮೇಲೆ ದೊಡ್ಡದರದು. ಈಗ ಎರಡೂ ಥ್ರೆಡ್‌ಗಳು ಮೊದಲು 101ಕ್ಕೇ ಬರುತ್ತವೆ, ಸೋತವನು ಬರಿಗೈಯಲ್ಲಿ ಕಾಯುತ್ತಾನೆ. ಖಾತೆಗಳು ಸಾವಿರವಿದ್ದು ಥ್ರೆಡ್‌ಗಳು ನೂರಿದ್ದರೂ ಇದು ನಿಲ್ಲುತ್ತದೆ. ಯಾವುದೇ ಕ್ಷಣದಲ್ಲಿ ಹಿಡಿಯಲ್ಪಟ್ಟಿರುವ ಲಾಕ್‌ಗಳಲ್ಲಿ ಅತಿ ದೊಡ್ಡ ಸಂಖ್ಯೆಯದು ಯಾರ ಬಳಿ ಇದೆಯೋ ಆ ಥ್ರೆಡ್ ಇನ್ನೇನಾದರೂ ಕೇಳಿದರೆ ಅದಕ್ಕಿಂತ ದೊಡ್ಡದನ್ನೇ ಕೇಳಬೇಕು, ಅದು ಯಾರ ಬಳಿಯೂ ಇಲ್ಲ. ಆದ್ದರಿಂದ ಆ ಒಬ್ಬನಾದರೂ ಮುಂದೆ ಸಾಗುತ್ತಾನೆ, ತನ್ನದನ್ನು ಬಿಡುತ್ತಾನೆ, ಮುಂದಿನವನಿಗೆ ದಾರಿಯಾಗುತ್ತದೆ. ಮೊದಲ ಸಾಲಿನ ತಪಾಸಣೆಯನ್ನು ಮರೆಯಬಾರದು: ಒಂದೇ ಖಾತೆಯಿಂದ ಅದೇ ಖಾತೆಗೆ ವರ್ಗಾವಣೆ ಬಂದರೆ ಥ್ರೆಡ್ ತಾನು ಹಿಡಿದ ಲಾಕಿಗೆ ತಾನೇ ಕಾಯುತ್ತಾ ಕೂರುತ್ತದೆ.

ಇಂಥ ಸಹಜ ಸಂಖ್ಯೆ ಇಲ್ಲದ ಕಡೆ ಸಿ++ನ 2017ರ ಆವೃತ್ತಿಯಿಂದ `std::scoped_lock g(from.m, to.m);` ಎಂಬ ಒಂದೇ ಸಾಲು ಬಳಸಬಹುದು. ಅದು ಎಲ್ಲ ಲಾಕ್‌ಗಳನ್ನೂ ಕೇಳಿ, ಒಂದು ಸಿಗದಿದ್ದರೆ ಹಿಡಿದದ್ದನ್ನು ಬಿಟ್ಟು ಮತ್ತೆ ಪ್ರಯತ್ನಿಸುವ ಮೂಲಕ ಎರಡನೆಯ ಷರತ್ತನ್ನು ಮುರಿಯುತ್ತದೆ. ಆದರೆ ಎರಡು ಲಾಕ್‌ಗಳೂ ಒಂದೇ ಜಾಗದಲ್ಲಿ ಕೈಗೆ ಸಿಗುವಾಗ ಮಾತ್ರ ಇದು ಸಾಧ್ಯ. ಸುದ್ದಿ ಮುಟ್ಟಿಸುವ ಉದಾಹರಣೆಯಲ್ಲಿ ಅದು ಆಗದು. ಅಲ್ಲಿ ಲಾಕ್ ಹಿಡಿದು ಆಸಕ್ತರ ಪಟ್ಟಿಯ ಒಂದು ಪ್ರತಿ ಮಾಡಿಕೊಂಡು, ಲಾಕ್ ಬಿಟ್ಟು, ಆಮೇಲೆ ಅವರನ್ನು ಕರೆಯಬೇಕು. ಇದಕ್ಕೂ ಒಂದು ಬೆಲೆಯಿದೆ: ಎರಡು ಥ್ರೆಡ್‌ಗಳು ಬೆನ್ನುಬೆನ್ನಿಗೆ ಮೌಲ್ಯ ಬದಲಾಯಿಸಿದರೆ ಸುದ್ದಿ ಹಿಂದುಮುಂದಾಗಿ ತಲುಪಬಹುದು.

ಉಲ್ಟಾ ಕ್ರಮವಿದ್ದರೂ ಅಪಾಯವಿಲ್ಲದ ಸಂದರ್ಭವೂ ಒಂದಿದೆ. ಎರಡೂ ದಾರಿಗಳು ಆ ಎರಡು ಲಾಕ್‌ಗಳಿಗೆ ಹೋಗುವ ಮೊದಲು ಒಂದೇ ಮೂರನೆಯ ಲಾಕನ್ನು ಹಿಡಿಯುವುದು ಖಚಿತವಿದ್ದರೆ, ಇಬ್ಬರು ಏಕಕಾಲಕ್ಕೆ ಸಂದಿನಲ್ಲಿರಲು ಸಾಧ್ಯವೇ ಇಲ್ಲ. ಮುಂದೊಂದು ದಿನ ಯಾರೋ ವೇಗ ಹೆಚ್ಚಿಸಲೆಂದು ಆ ಮೂರನೆಯ ಲಾಕನ್ನು ತೆಗೆದರೆ ಹಳೆಯ ಅಪಾಯ ಹಾಗೆಯೇ ಎದ್ದು ಬರುತ್ತದೆ, ಆದ್ದರಿಂದ ಅದರ ಮೇಲೆ ಭರವಸೆಯಿಟ್ಟಿದ್ದರೆ ಕೋಡಿನಲ್ಲೇ ಬರೆದಿಡಬೇಕು.

ಪರೀಕ್ಷೆಯಿಂದ ಇದನ್ನು ಹಿಡಿಯಲು ದಾರಿಯೇ ಇಲ್ಲವೇ? ಡೆಡ್‌ಲಾಕ್ ಆಗಲಿ ಎಂದು ಕಾಯುವ ಪರೀಕ್ಷೆಯಿಂದ ಬಹುತೇಕ ಇಲ್ಲ. 58 ದಿನದ ಲೆಕ್ಕ ಅದನ್ನೇ ಹೇಳಿತು. ಆದರೆ ಕ್ರಮವನ್ನು ಗಮನಿಸುವ ಪರೀಕ್ಷೆಯಿಂದ ಸುಲಭವಾಗಿ ಹಿಡಿಯಬಹುದು. ಇಂಗೊ ಮೊಲ್ನಾರ್ ಬರೆದ `lockdep` ಎಂಬ ಸಾಧನ 2006ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿತು. ಯಾರಾದರೂ ಒಂದು ಲಾಕ್ ಹಿಡಿದಿರುವಾಗ ಇನ್ನೊಂದನ್ನು ಕೇಳಿದರೆ ಅದು “ಇದಾದ ಮೇಲೆ ಅದು” ಎಂದು ಗುರುತು ಹಾಕಿಕೊಳ್ಳುತ್ತದೆ. ಬೆಳಗ್ಗೆ ಒಂದು ಥ್ರೆಡ್ ಒಂದು ಕ್ರಮದಲ್ಲಿ ಹಿಡಿದು ಬಿಟ್ಟು, ಸಂಜೆ ಇನ್ನೊಂದು ಥ್ರೆಡ್ ಉಲ್ಟಾ ಕ್ರಮದಲ್ಲಿ ಹಿಡಿದು ಬಿಟ್ಟರೂ ಸಾಕು, ಗುರುತುಗಳಲ್ಲಿ ಸುತ್ತು ಕಂಡ ಕೂಡಲೇ `possible circular locking dependency detected` ಎಂದು ಎಚ್ಚರಿಸುತ್ತದೆ. ಯಾರೂ ಸಿಕ್ಕಿಕೊಂಡಿರಬೇಕಾಗಿಲ್ಲ, ಎರಡು ಥ್ರೆಡ್‌ಗಳು ಒಂದೇ ಕ್ಷಣದಲ್ಲಿ ಓಡಿರಬೇಕಾಗಿಯೂ ಇಲ್ಲ. ನಮ್ಮ ಸಾಮಾನ್ಯ ಸಿ++ ಪ್ರೋಗ್ರಾಮುಗಳಿಗೆ ಇದೇ ಕೆಲಸವನ್ನು ಥ್ರೆಡ್‌ಸ್ಯಾನಿಟೈಸರ್ ಮತ್ತು ವಾಲ್‌ಗ್ರಿಂಡ್‌ನ ಹೆಲ್‌ಗ್ರಿಂಡ್ ಮಾಡುತ್ತವೆ. ಪರೀಕ್ಷೆಯಲ್ಲಿ 101ರಿಂದ 205ಕ್ಕೆ ಒಮ್ಮೆ, 205ರಿಂದ 101ಕ್ಕೆ ಒಮ್ಮೆ ಹಣ ಕಳಿಸಿದರೆ ಥ್ರೆಡ್‌ಸ್ಯಾನಿಟೈಸರ್ `lock-order-inversion` ಎಂದು ವರದಿ ಮಾಡುತ್ತದೆ. 58 ದಿನ ಕಾಯಬೇಕಾದದ್ದು ಒಂದೆರಡು ಸೆಕೆಂಡಿನಲ್ಲಿ ಕಾಣುತ್ತದೆ.

ಇವುಗಳಿಗೂ ಮಿತಿಯಿದೆ. ಒಮ್ಮೆಯೂ ಓಡದ ದಾರಿಯ ಬಗ್ಗೆ ಇವು ಏನನ್ನೂ ಹೇಳಲಾರವು. ಪರೀಕ್ಷೆಯಲ್ಲಿ ಹಣ ಯಾವಾಗಲೂ ಒಂದೇ ದಿಕ್ಕಿಗೆ ಹೋಗಿದ್ದರೆ ಉಲ್ಟಾ ಕ್ರಮ ದಾಖಲಾಗುವುದೇ ಇಲ್ಲ. ವರ್ಗಾವಣೆ ವಿಫಲವಾದಾಗ ಹಣ ಹಿಂತಿರುಗಿಸುವ ಕೋಡ್, ನೆಟ್‌ವರ್ಕ್ ಕಡಿದಾಗಿನ ಕೋಡ್, ಪ್ರೋಗ್ರಾಮ್ ಮುಚ್ಚುವಾಗಿನ ಕೋಡ್, ಇಂಥ ಅಪರೂಪದ ದಾರಿಗಳಲ್ಲಿಯೇ ಕ್ರಮ ಉಲ್ಟಾ ಆಗಿರುವುದು ಹೆಚ್ಚು, ಪರೀಕ್ಷೆ ಬರೆಯುವವರು ಬಿಟ್ಟುಬಿಡುವುದೂ ಇವನ್ನೇ. ಆದ್ದರಿಂದ ಈ ಸಾಧನಗಳನ್ನು ಚಾಲೂ ಮಾಡಿದ ಮೇಲೆ ಮೊದಲು ಬರೆಯಬೇಕಾದ ಪರೀಕ್ಷೆಗಳು ಅವುಗಳದ್ದೇ. ಅಲ್ಲಿ ಹೊರೆ ಹೆಚ್ಚಿಸಬೇಕಾಗಿಲ್ಲ, ಪ್ರತಿ ದಾರಿಯನ್ನೂ ಒಂದೇ ಒಂದು ಬಾರಿ ಹಾದುಬಂದರೆ ಸಾಕು.